ಮೂರು ಬ್ಯಾಟರಿ, ಮೂರು ಕರೆಂಟ್: ಚಿಹ್ನೆ ಎಲ್ಲಿ ತಪ್ಪಿತು ಅಂತ ಉತ್ತರವೇ ಹೇಳುತ್ತದೆ

ಬೋರ್ಡಿನ ಮೇಲಿರುವ ಈ ಚಿತ್ರವನ್ನು ಬೇಕೆಂದೇ ಸ್ಕೇಲ್ ಇಲ್ಲದೆ ಕೈಯಲ್ಲಿ ಬರೆದಿದ್ದೇನೆ. ನೀವೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಡೆಯುತ್ತದೆ. ಎಡಗಡೆ ನಿಂತ ತಂತಿಯಲ್ಲಿ ಕೆಳಗೆ 12 ವೋಲ್ಟ್ ಬ್ಯಾಟರಿ, ಅದರ ಪ್ಲಸ್ ಮೇಲ್ಮುಖ, ಅದರ ಮೇಲೆ 2 ಓಮ್ ರೆಸಿಸ್ಟರ್. ನಡುವಿನ ತಂತಿಯಲ್ಲಿ ಮೇಲೆ 3 ಓಮ್, ಅದರ ಕೆಳಗೆ 5 ವೋಲ್ಟ್ ಬ್ಯಾಟರಿ, ಅದರ ಪ್ಲಸ್ ಕೂಡ ಮೇಲ್ಮುಖ. ಬಲಗಡೆ ಮೇಲೆ 6 ಓಮ್, ಕೆಳಗೆ 2 ವೋಲ್ಟ್ ಬ್ಯಾಟರಿ, ಅದಕ್ಕೂ ಪ್ಲಸ್ ಮೇಲೆಯೇ. ಮೂರರ ಮೇಲ್ತುದಿಗಳೂ ಒಂದೇ ಅಡ್ಡ ತಂತಿಗೆ ಸೇರಿವೆ. ನಡುವಿನ ತಂತಿಯ ಕೆಳತುದಿ ನೆಲದ ಗೆರೆಯಂತೆ ಹೋಗಿ ಎಡಗಡೆಯ ಕೆಳಮೂಲೆಗೆ ಸೇರುತ್ತದೆ. ಬಲಗಡೆಯ ಕೆಳತುದಿಯಿಂದ ಮಾತ್ರ ಒಂದು ಓರೆ ಗೆರೆ ಹೊರಟು, ನಡುವಿನ ತಂತಿಯನ್ನು 3 ಓಮ್ ಮತ್ತು 5 ವೋಲ್ಟ್ ಬ್ಯಾಟರಿಯ ಮಧ್ಯೆ ದಾಟಿ, ಅದೇ ಎಡ ಕೆಳಮೂಲೆಗೆ ಬಂದು ಮುಟ್ಟುತ್ತದೆ.

ಕೇಳಬೇಕಾದ್ದು ಒಂದೇ: ಮೂರು ತಂತಿಗಳಲ್ಲಿ ಎಷ್ಟೆಷ್ಟು ಕರೆಂಟ್ ಹರಿಯುತ್ತದೆ, ಯಾವ ಕಡೆಗೆ?

ಸಮೀಕರಣಕ್ಕೆ ಕೈ ಹಾಕುವ ಮೊದಲು ಆ ಓರೆ ಗೆರೆಯ ಹತ್ತಿರ ನಿಲ್ಲೋಣ. ಅದು ನಡುವಿನ ತಂತಿಯನ್ನು ದಾಟುವ ಕಡೆ ನಾನು ಚುಕ್ಕಿ ಇಟ್ಟಿಲ್ಲ. ಚುಕ್ಕಿ ಇದ್ದರೆ ತಂತಿಗಳು ಕೂಡಿವೆ, ಇಲ್ಲದಿದ್ದರೆ ಒಂದರ ಮೇಲೊಂದು ಹಾದು ಹೋಗುತ್ತವೆ ಅಷ್ಟೇ. ಕೈಬರಹದ ಚಿತ್ರದಲ್ಲಿ ಚುಕ್ಕಿ ಇದೆಯೋ, ಪೆನ್ನಿನ ಇಂಕು ಸ್ವಲ್ಪ ಜಾಸ್ತಿ ಹರಡಿದೆಯೋ ಅಂತ ಅನುಮಾನ ಬರುವುದು ಸಹಜ. ಆಗ ಹೀಗೆ ಯೋಚಿಸಿ: ಅಲ್ಲಿ ಕೂಡಿದ್ದರೆ ಏನಾಗುತ್ತಿತ್ತು? 5 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಓರೆ ತಂತಿ ಯಾವ ರೆಸಿಸ್ಟರೂ ಇಲ್ಲದೆ ನೇರವಾಗಿ ಅದರ ಮೈನಸ್‌ಗೆ ಹೋಗುತ್ತಿತ್ತು, ಅಂದರೆ ಬ್ಯಾಟರಿ ಶಾರ್ಟ್ ಆಗುತ್ತಿತ್ತು. ಪಾಠಕ್ಕೆ ಕೊಟ್ಟ ಲೆಕ್ಕದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಹಾಗೆ ಕಂಡರೆ ಚಿತ್ರವನ್ನು ಇನ್ನೊಮ್ಮೆ ನೋಡಿ.

ಇನ್ನೊಂದು ತೊಂದರೆ ಬ್ಯಾಟರಿಯ ಗುರುತಿನದು. ಉದ್ದ ಗೆರೆ ಪ್ಲಸ್, ಗಿಡ್ಡ ಗೆರೆ ಮೈನಸ್. ಅವಸರದಲ್ಲಿ ಬರೆದಾಗ ಎರಡೂ ಹೆಚ್ಚುಕಡಿಮೆ ಒಂದೇ ಉದ್ದ ಆಗಿಬಿಡುತ್ತವೆ. ಅದಕ್ಕೇ ಪ್ರತಿ ಬ್ಯಾಟರಿಯ ಪಕ್ಕದಲ್ಲಿ + ಮತ್ತು − ಬರೆದೇಬಿಡಿ. ಇಲ್ಲಿ ತಪ್ಪಿದರೆ ಮುಂದೆ ಯಾವ ಪರೀಕ್ಷೆಯಿಂದಲೂ ಸಿಗುವುದಿಲ್ಲ, ಏಕೆಂದರೆ ನೀವು ಬೇರೆ ಯಾವುದೋ ಸರ್ಕ್ಯೂಟನ್ನು ಸರಿಯಾಗಿ ಬಿಡಿಸಿರುತ್ತೀರಿ.

ಈಗ ಚಿತ್ರವನ್ನು ನೆಟ್ಟಗೆ ಮತ್ತೆ ಬರೆಯಿರಿ. ಬರೀ ತಂತಿಯಿಂದ ಸೇರಿದ್ದೆಲ್ಲ ಒಂದೇ ಜಾಗ, ಎಷ್ಟೇ ಉದ್ದ ಎಳೆದಿದ್ದರೂ ಸರಿ. ಹಾಗೆ ನೋಡಿದರೆ ಮೇಲಿನ ಅಡ್ಡ ತಂತಿ ಪೂರ್ತಿ ಒಂದು ಜಂಕ್ಷನ್, ಕೆಳಗಿನ ಮೂಲೆ ಇನ್ನೊಂದು. ಓರೆ ಗೆರೆಯೂ ಕೆಳಗಿನ ಜಂಕ್ಷನ್ನಿನ ಭಾಗವೇ. ಉಳಿದದ್ದು ಎರಡು ಜಂಕ್ಷನ್ ನಡುವೆ ನಿಂತ ಮೂರು ಕವಲು. ಒಂದೇ ಕವಲಿನಲ್ಲಿರುವ ಬ್ಯಾಟರಿ, ರೆಸಿಸ್ಟರ್ ಎಲ್ಲದರಲ್ಲೂ ಅದೇ ಕರೆಂಟ್. ಆದ್ದರಿಂದ ಗೊತ್ತಿಲ್ಲದ ಕರೆಂಟ್‌ಗಳು ಮೂರೇ.

ಅವುಗಳಿಗೆ ದಿಕ್ಕು ಕೊಡಬೇಕು. "ಸಾರ್, ಯಾವ ಕಡೆ ಹರಿಯುತ್ತದೆ ಅಂತ ಮೊದಲೇ ಹೇಗೆ ಗೊತ್ತಾಗುತ್ತದೆ?" ಅಂತ ಕೇಳುತ್ತೀರಿ. ಗೊತ್ತಾಗಬೇಕಿಲ್ಲ. ನಾನು ಎಡಗಡೆಯ I1 ಮೇಲಕ್ಕೆ, ನಡುವಿನ I2 ಮೇಲಕ್ಕೆ, ಬಲಗಡೆಯ I3 ಕೆಳಕ್ಕೆ ಅಂತ ಬಾಣ ಹಾಕುತ್ತೇನೆ. ಇದು ಊಹೆ. ಊಹೆ ತಪ್ಪಿದ್ದರೆ ಉತ್ತರ ಮೈನಸ್ ಆಗಿ ಬರುತ್ತದೆ, ನಷ್ಟ ಏನಿಲ್ಲ. ಆದರೆ ಬಾಣ ಒಮ್ಮೆ ಹಾಕಿದ ಮೇಲೆ ಕೊನೆಯವರೆಗೂ ಅದನ್ನು ಮುಟ್ಟಬಾರದು. ಅರ್ಧ ದಾರಿಯಲ್ಲಿ ಮೈನಸ್ ಕಂಡು ಬಾಣ ತಿರುಗಿಸಿ, ಹಳೆಯ ಸಮೀಕರಣಗಳನ್ನು ಹಾಗೇ ಇಟ್ಟುಕೊಂಡರೆ ಒಂದು ಸಮೀಕರಣ ಒಂದು ಬಾಣದ ಪ್ರಕಾರ, ಇನ್ನೊಂದು ಇನ್ನೊಂದರ ಪ್ರಕಾರ ಇರುತ್ತದೆ. ಆಮೇಲೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಜಂಕ್ಷನ್ ಸಮೀಕರಣ ಸುಲಭ. ತಂತಿಯ ಕೂಡುಜಾಗದಲ್ಲಿ ಚಾರ್ಜ್ ಗುಡ್ಡೆ ಬೀಳುವುದಿಲ್ಲ, ಬಂದಷ್ಟು ಹೋಗಲೇಬೇಕು. ಮೇಲಿನ ಜಂಕ್ಷನ್ನಿಗೆ I1 ಮತ್ತು I2 ಬರುತ್ತವೆ, I3 ಹೋಗುತ್ತದೆ:

```
I1 + I2 = I3
```

ಕೆಳಗಿನ ಜಂಕ್ಷನ್ನಿಗೂ ಬರೆಯಬಹುದು. ಅಲ್ಲಿ I3 ಬರುತ್ತದೆ, I1 ಮತ್ತು I2 ಹೋಗುತ್ತವೆ. ಅದೇ ಸಮೀಕರಣ, ಅಲ್ವಾ? ಹೊಸದೇನೂ ಸಿಗಲಿಲ್ಲ. ಎಷ್ಟೇ ದೊಡ್ಡ ಸರ್ಕ್ಯೂಟ್ ಆದರೂ ಜಂಕ್ಷನ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆ ಬರೆದರೆ ಸಾಕು, ಬಿಟ್ಟದ್ದು ತಾನಾಗಿ ಹೊರಬರುತ್ತದೆ. ಒಂದು ಮಾತು ಸೇರಿಸಿಬಿಡುತ್ತೇನೆ. ಈ ಜಂಕ್ಷನ್ ನಿಯಮವನ್ನೂ ಮುಂದೆ ಬರುವ ಲೂಪ್ ನಿಯಮವನ್ನೂ ಗುಸ್ತಾವ್ ಕಿರ್ಕಾಫ್ 1845ರಲ್ಲಿ ಬರೆದಾಗ ಆತ ಇನ್ನೂ ಕೋನಿಗ್ಸ್‌ಬರ್ಗ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿ, ವಯಸ್ಸು 21. ಎಲೆಕ್ಟ್ರಾನ್ ಅನ್ನುವುದು ಯಾರಿಗೂ ಗೊತ್ತಿರದ ಕಾಲ ಅದು. ಒಳಗೆ ಹರಿಯುವುದು ಏನು ಅಂತ ತಿಳಿಯದೆಯೂ ಲೆಕ್ಕ ಸರಿಯಾಗಿ ನಿಂತಿತು, ನನಗೆ ಇದು ಇವತ್ತಿಗೂ ಬಹಳ ಇಷ್ಟ.

ಮೂರು ಕರೆಂಟ್‌ಗೆ ಮೂರು ಸಮೀಕರಣ ಬೇಕು. ಒಂದು ಸಿಕ್ಕಿತು, ಇನ್ನೆರಡು ಲೂಪ್‌ನಿಂದ ಬರಬೇಕು. ಲೂಪ್ ಅಂದರೆ ಒಂದು ಜಾಗದಿಂದ ಹೊರಟು ಸುತ್ತಿ ಅಲ್ಲಿಗೇ ಮರಳುವ ದಾರಿ. ಮೆಟ್ಟಿಲು ಹತ್ತಿ ಇಳಿದು ಹೊರಟ ಮೆಟ್ಟಿಲಿಗೇ ಬಂದರೆ ಒಟ್ಟು ಏರಿದ್ದು, ಒಟ್ಟು ಇಳಿದದ್ದು ಸಮ. ವೋಲ್ಟೇಜ್ ಕೂಡ ಹಾಗೇ.

ಯಾವಾಗ ಏರು, ಯಾವಾಗ ಇಳಿತ ಅನ್ನುವುದರಲ್ಲೇ ಎಲ್ಲರೂ ಎಡವುವುದು, ಹಾಗಾಗಿ ಇಲ್ಲಿ ನಿಧಾನ. ಬ್ಯಾಟರಿಯನ್ನು ಮೈನಸ್ ಕಡೆಯಿಂದ ಹೊಕ್ಕು ಪ್ಲಸ್ ಕಡೆ ಹೊರಬಂದರೆ ಏರು. ಪ್ಲಸ್‌ನಿಂದ ಹೊಕ್ಕು ಮೈನಸ್‌ನಲ್ಲಿ ಹೊರಬಂದರೆ ಇಳಿತ. ಕರೆಂಟ್ ಯಾವ ಕಡೆ ಹೋಗುತ್ತಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ನೀವು ಯಾವ ಕಡೆ ನಡೆಯುತ್ತಿದ್ದೀರಿ ಅನ್ನುವುದು ಮಾತ್ರ ಮುಖ್ಯ. ರೆಸಿಸ್ಟರ್ ಹಾಗಲ್ಲ. ಬಾಣದ ದಿಕ್ಕಿನಲ್ಲೇ ನಡೆದರೆ IR ಇಳಿತ, ಬಾಣಕ್ಕೆ ಎದುರಾಗಿ ನಡೆದರೆ IR ಏರು. ಬ್ಯಾಟರಿಗೆ ಬಾಣ ನೋಡುವುದು, ರೆಸಿಸ್ಟರಿಗೆ ಬಾಣ ಮರೆಯುವುದು, ತಪ್ಪುಗಳು ಬಹುಪಾಲು ಈ ಎರಡರಿಂದಲೇ.

ಮೊದಲು ಎಡಗಡೆಯ ಲೂಪ್. ಕೆಳಗಿನ ಜಂಕ್ಷನ್‌ನಿಂದ ಹೊರಟು ಎಡ ಕವಲಿನಲ್ಲಿ ಮೇಲೆ ಹತ್ತೋಣ. 12 ವೋಲ್ಟ್ ಬ್ಯಾಟರಿಯನ್ನು ಮೈನಸ್‌ನಿಂದ ಹೊಕ್ಕೆವು, +12. 2 ಓಮ್‌ನಲ್ಲಿ I1ರ ಜೊತೆಯಲ್ಲೇ ಹೋದೆವು, −2 I1. ಮೇಲೆ ಬಂದು ನಡುವಿನ ಕವಲಿನಲ್ಲಿ ಇಳಿಯುತ್ತೇವೆ. I2ರ ಬಾಣ ಮೇಲಕ್ಕಿದೆ, ನಾವು ಕೆಳಕ್ಕೆ, ಅಂದರೆ ಎದುರು, +3 I2. ಆಮೇಲೆ 5 ವೋಲ್ಟ್ ಬ್ಯಾಟರಿಯನ್ನು ಪ್ಲಸ್ ಕಡೆಯಿಂದ ಹೊಕ್ಕು ಮೈನಸ್‌ಗೆ ಬಂದೆವು, −5.

```
12 - 2 I1 + 3 I2 - 5 = 0
2 I1 - 3 I2 = 7
```

ಬಲಗಡೆಯ ಲೂಪ್: ನಡುವೆ ಹತ್ತಿ ಬಲಗಡೆ ಇಳಿಯುವುದು. ಹತ್ತುವಾಗ +5, ಆಮೇಲೆ −3 I2. ಇಳಿಯುವಾಗ I3ರ ಜೊತೆಯಲ್ಲೇ, −6 I3. ಕೊನೆಗೆ 2 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ ಮೈನಸ್‌ಗೆ, −2.

```
5 - 3 I2 - 6 I3 - 2 = 0
I2 + 2 I3 = 1
```

ಗಮನಿಸಿ, ಅದೇ 5 ವೋಲ್ಟ್ ಬ್ಯಾಟರಿ ಮೊದಲ ಲೂಪ್‌ನಲ್ಲಿ ಮೈನಸ್, ಎರಡನೆಯದರಲ್ಲಿ ಪ್ಲಸ್. ನಾವು ಅದರ ಮೂಲಕ ಒಮ್ಮೆ ಇಳಿದೆವು, ಒಮ್ಮೆ ಹತ್ತಿದೆವು. ಬ್ಯಾಟರಿ ಬದಲಾಗಲಿಲ್ಲ.

ಹೊರಗಿನ ದೊಡ್ಡ ಲೂಪ್ ಕೂಡ ಇದೆಯಲ್ಲ, ಎಡ ಹತ್ತಿ ಬಲ ಇಳಿಯುವುದು? ಇದೆ. ಆದರೆ ಅದನ್ನು ಮೂರನೆಯ ಸಮೀಕರಣ ಅಂತ ತಗೊಳ್ಳಬೇಡಿ. ಮೇಲಿನ ಎರಡನ್ನೂ ಕೂಡಿಸಿದರೆ ನಡುವಿನ ಕವಲು ವಜಾ ಆಗಿ ಅದೇ ಬರುತ್ತದೆ. ಜಂಕ್ಷನ್ ಸಮೀಕರಣ ಬಿಟ್ಟು ಮೂರು ಲೂಪ್ ಬರೆದು ಕೂತವರಿಗೆ ಕೊನೆಯಲ್ಲಿ 0 = 0 ಸಿಗುತ್ತದೆ. ಲೆಕ್ಕ ತಪ್ಪಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದ್ದಾರೆ ಅಷ್ಟೇ. ಎಷ್ಟು ಲೂಪ್ ಬೇಕು ಅಂತ ಎಣಿಸುವುದು ಹೀಗೆ: ಕವಲುಗಳ ಸಂಖ್ಯೆಯಲ್ಲಿ ಜಂಕ್ಷನ್‌ಗಳನ್ನು ಕಳೆದು ಒಂದು ಕೂಡಿಸಿ. ಇಲ್ಲಿ 3 − 2 + 1, ಅಂದರೆ ಎರಡು.

ಬಿಡಿಸುವುದು ಈಗ ಸಣ್ಣ ಕೆಲಸ. ಎರಡನೆಯ ಲೂಪ್‌ನಲ್ಲಿ I3 ಬದಲು I1 + I2 ಹಾಕಿ:

```
2 I1 + 3 I2 = 1
2 I1 - 3 I2 = 7
```

ಕೂಡಿಸಿದರೆ 4 I1 = 8, I1 = 2 ಆಂಪಿಯರ್. ಹಾಗಾದರೆ I2 = −1, I3 = 1.

ಆ ಮೈನಸ್ ಒಂದು ನಿಜವಾದ ಸುದ್ದಿ. ನಡುವಿನ ಕವಲಿನಲ್ಲಿ 1 ಆಂಪಿಯರ್ ಕೆಳಕ್ಕೆ ಹರಿಯುತ್ತಿದೆ, 5 ವೋಲ್ಟ್ ಬ್ಯಾಟರಿಯ ಪ್ಲಸ್ ಒಳಗೆ ನುಗ್ಗುತ್ತಿದೆ. ಆ ಬ್ಯಾಟರಿ ಶಕ್ತಿ ಕೊಡುತ್ತಿಲ್ಲ, ತೆಗೆದುಕೊಳ್ಳುತ್ತಿದೆ, ಅಂದರೆ ಚಾರ್ಜ್ ಆಗುತ್ತಿದೆ. 2 ವೋಲ್ಟ್‌ನದೂ ಅದೇ ಕಥೆ, I3 ಪ್ಲಸ್ ಆಗಿ ಬಂದರೂ ಅದು ಬ್ಯಾಟರಿಯ ಪ್ಲಸ್ ಕಡೆಯಿಂದಲೇ ಒಳಗೆ ಹೋಗುತ್ತಿದೆ. ಉತ್ತರದ ಚಿಹ್ನೆ ಮಾತ್ರ ನೋಡಿ ಬ್ಯಾಟರಿ ಕೊಡುತ್ತಿದೆಯೋ ತಗೊಳ್ಳುತ್ತಿದೆಯೋ ಹೇಳಲಾಗದು, ಬಾಣವನ್ನೂ ಜೊತೆಗಿಟ್ಟು ನೋಡಬೇಕು. ಶಕ್ತಿಯ ಲೆಕ್ಕ ಹಾಕಿದರೆ ಎಲ್ಲ ಸ್ಪಷ್ಟ. 12 ವೋಲ್ಟ್ ಬ್ಯಾಟರಿ 24 ವ್ಯಾಟ್ ಕೊಡುತ್ತದೆ. ರೆಸಿಸ್ಟರ್‌ಗಳಲ್ಲಿ 8, 3 ಮತ್ತು 6 ಸೇರಿ 17 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಉಳಿದ 7ರಲ್ಲಿ 5 ವ್ಯಾಟ್ ಒಂದು ಬ್ಯಾಟರಿಗೆ, 2 ವ್ಯಾಟ್ ಇನ್ನೊಂದಕ್ಕೆ. ನಿಜವಾಗಿ ಕಟ್ಟುವಾಗ ಇದು ಬರೀ ಲೆಕ್ಕವಲ್ಲ: ರೀಚಾರ್ಜ್ ಮಾಡಬಾರದ ಸೆಲ್ ಅನ್ನು ಅಲ್ಲಿ ಇಟ್ಟರೆ ಅದು ಬಿಸಿಯಾಗಬಹುದು, ಸೋರಬಹುದು.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಭಾಗ. ಉತ್ತರ ಬಂತು, ಸರಿ ಅಂತ ಹೇಗೆ ತಿಳಿಯುವುದು? ಅದೇ ಸಮೀಕರಣಗಳಿಗೆ ಉತ್ತರ ಹಾಕಿ ನೋಡಿದರೆ ಬಿಡಿಸಿದ್ದು ಸರಿಯೋ ಅಂತ ಮಾತ್ರ ಗೊತ್ತಾಗುತ್ತದೆ. ಸಮೀಕರಣವೇ ತಪ್ಪಾಗಿದ್ದರೂ ಉತ್ತರ ಅದಕ್ಕೆ ಸರಿಹೊಂದುತ್ತದೆ. ಚಿತ್ರಕ್ಕೆ ಮರಳಬೇಕು. ಕೆಳಗಿನ ಜಂಕ್ಷನ್‌ನಿಂದ ಮೇಲಿನ ಜಂಕ್ಷನ್‌ಗೆ ಮೂರು ದಾರಿಗಳಿವೆ, ಮೂರರಲ್ಲೂ ಹತ್ತಿ ನೋಡಿ. ಎಡಗಡೆ 12 − 2×2 = 8. ನಡುವೆ, ಕರೆಂಟ್ ನಿಜವಾಗಿ ಕೆಳಕ್ಕೆ ಇರುವುದರಿಂದ ಎದುರು ಹತ್ತುತ್ತೇವೆ, 5 + 3×1 = 8. ಬಲಗಡೆಯೂ ಎದುರೇ, 2 + 6×1 = 8. ಮೂರೂ 8 ವೋಲ್ಟ್. ಜಂಕ್ಷನ್ ಕೂಡ ನೋಡಿಬಿಡಿ: ಮೇಲಿನ ಜಂಕ್ಷನ್ನಿಗೆ ಎಡದಿಂದ 2 ಆಂಪಿಯರ್ ಬರುತ್ತದೆ, ನಡುವೆ 1, ಬಲಗಡೆ 1 ಹೋಗುತ್ತದೆ. ಇನ್ನು ಅನುಮಾನ ಬೇಡ.

ಈ ಮೂರು ಸಂಖ್ಯೆ ಬೇರೆ ಬೇರೆ ಬಂದಾಗ ತಪ್ಪಿನ ಜಾಗವೂ ಗೊತ್ತಾಗುತ್ತದೆ, ಅದು ಇನ್ನೂ ಚೆನ್ನ. ಒಂದು ತಪ್ಪು ಬೇಕೆಂದೇ ಮಾಡೋಣ. ಬ್ಯಾಟರಿ ಅಂದರೆ ಯಾವಾಗಲೂ ಪ್ಲಸ್ ಅಂತ ಎಣಿಸಿ ಎಡ ಲೂಪ್‌ನಲ್ಲಿ −5 ಬದಲು +5 ಬರೆದೆವು ಅಂತಿಟ್ಟುಕೊಳ್ಳಿ. ಆಗ 2 I1 − 3 I2 = 17. ಬಿಡಿಸಿದರೆ I1 = 4.5, I2 = −8/3, I3 = 11/6. ಭಿನ್ನರಾಶಿ ಬಂತು ಅಂತ ತಪ್ಪು ಅನ್ನಬೇಡಿ, ಸರಿಯಾದ ಉತ್ತರವೂ ಹಾಗೆ ಇರಬಹುದು. ಮೂರು ದಾರಿ ಹತ್ತಿ. ಎಡಗಡೆ 12 − 9 = 3. ನಡುವೆ 5 + 8 = 13. ಬಲಗಡೆ 2 + 11 = 13.

ನಡು ಮತ್ತು ಬಲ ಒಪ್ಪುತ್ತವೆ, ಹಾಗಾಗಿ ಬಲಗಡೆಯ ಲೂಪ್ ಸರಿಯಿದೆ. ಎಡ ಮತ್ತು ನಡು ಜಗಳವಾಡುತ್ತಿವೆ, ತಪ್ಪು ಎಡ ಲೂಪ್‌ನಲ್ಲೇ. ವ್ಯತ್ಯಾಸ ಎಷ್ಟು? 10. ಆ ಲೂಪ್‌ನಲ್ಲಿ 10ಕ್ಕೆ ಅರ್ಧ ಯಾವುದು? 5 ವೋಲ್ಟ್ ಬ್ಯಾಟರಿ! ಚಿಹ್ನೆ ತಿರುಗಿದ ಪದ ತನ್ನ ಎರಡರಷ್ಟು ವ್ಯತ್ಯಾಸ ಬಿಟ್ಟು ಹೋಗುತ್ತದೆ. ಏಕೆಂದರೆ −5 ಇರಬೇಕಾದಲ್ಲಿ +5 ಇದೆ, ಎರಡರ ನಡುವೆ 10ರ ಅಂತರ. ಬ್ಯಾಟರಿಯನ್ನು ಬರೆಯಲು ಮರೆತೇ ಹೋಗಿದ್ದರೆ ವ್ಯತ್ಯಾಸ ಬರೀ 5 ಬರುತ್ತಿತ್ತು.

ರೆಸಿಸ್ಟರಿನ ಚಿಹ್ನೆ ತಪ್ಪಿದರೂ ಹೀಗೇ. ಎಡ ಲೂಪ್ ಸರಿಯಾಗಿಟ್ಟು, ಬಲ ಲೂಪ್‌ನಲ್ಲಿ −3 I2 ಬದಲು +3 I2 ಬರೆಯಿರಿ. I1 = 1.25, I2 = −1.5, I3 = −0.25 ಬರುತ್ತದೆ. ಮೂರು ದಾರಿ: 9.5, 9.5, 0.5. ಈ ಸಲ ಬಲ ಲೂಪ್‌ನಲ್ಲಿ 9 ವೋಲ್ಟ್ ವ್ಯತ್ಯಾಸ. ಅರ್ಧ 4.5. ಆ ಲೂಪ್‌ನಲ್ಲಿ 4.5 ವೋಲ್ಟ್ ಬ್ಯಾಟರಿ ಇಲ್ಲ, ಆದರೆ 3 ಓಮ್‌ನಲ್ಲಿ 1.5 ಆಂಪಿಯರ್ ಹೋದರೆ ಸರಿಯಾಗಿ 4.5. ಸಿಕ್ಕಿಬಿತ್ತು. ಒಂದೇ ತಪ್ಪು ಇದ್ದಾಗ ಇದು ನೇರವಾಗಿ ಬೆರಳು ತೋರಿಸುತ್ತದೆ. ಒಂದೇ ಲೂಪ್‌ನಲ್ಲಿ ಎರಡು ತಪ್ಪು ಸೇರಿಕೊಂಡರೆ ಇಷ್ಟು ಸುಲಭವಾಗಿ ಬಿಡಿಸಲಾಗದು, ಆ ಲೂಪನ್ನು ಹೊಸದಾಗಿ ನಡೆದು ಬರೆಯುವುದೇ ವಾಸಿ.

ಕೆಲವೊಮ್ಮೆ ಉತ್ತರವೇ ಬರುವುದಿಲ್ಲ. ಎಡ ಲೂಪ್‌ನಲ್ಲಿ +3 I2 ಬದಲು −3 I2 ಬರೆದು ನೋಡಿ. ಒಂದು ಕಡೆ 2 I1 + 3 I2 = 7, ಇನ್ನೊಂದು ಕಡೆ 2 I1 + 3 I2 = 1. 7 ಮತ್ತು 1 ಒಂದೇ ಆಗಲು ಸಾಧ್ಯವಿಲ್ಲ. ನಮ್ಮ ಅಂಕಿಗಳು ಹೀಗಿರುವುದರಿಂದ ಈ ತಪ್ಪು ಇಷ್ಟು ಜೋರಾಗಿ ಕಾಣುತ್ತದೆ, ಎಲ್ಲ ಸರ್ಕ್ಯೂಟ್‌ನಲ್ಲೂ ಕಾಣುವುದಿಲ್ಲ. ಆದರೆ ಪ್ರತಿ ಕವಲಿನಲ್ಲೂ ರೆಸಿಸ್ಟರ್ ಇರುವ ಸರ್ಕ್ಯೂಟಿಗೆ ಒಂದೇ ಒಂದು ಉತ್ತರ ಇದ್ದೇ ಇರುತ್ತದೆ. ಸಮೀಕರಣಗಳು ಜಗಳವಾಡಿದರೆ ತಪ್ಪು ಸರ್ಕ್ಯೂಟಿನದಲ್ಲ, ಬರೆದದ್ದರಲ್ಲಿದೆ.

ಹಿಂದಿನಿಂದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಮೂರು ದಾರಿಯಲ್ಲೂ ಒಂದೇ ವೋಲ್ಟೇಜ್ ಬರುವುದಾದರೆ, ಅದನ್ನೇ ಮೊದಲು ಕಂಡುಹಿಡಿಯಬಾರದೇ? ಖಂಡಿತ. ಅದಕ್ಕೆ V ಅಂತ ಹೆಸರಿಡಿ. ಪ್ರತಿ ಕವಲಿನ ಕರೆಂಟನ್ನು V ಮೂಲಕ ಬರೆದು ಜಂಕ್ಷನ್ ಸಮೀಕರಣಕ್ಕೆ ಹಾಕಿ:

```
(12 - V)/2 + (5 - V)/3 = (V - 2)/6
```

6ರಿಂದ ಗುಣಿಸಿದರೆ 48 = 6V, V = 8. ಒಂದೇ ಸಾಲಿನಲ್ಲಿ ಮುಗಿಯಿತು. ಎರಡೇ ಜಂಕ್ಷನ್ ಇದ್ದಾಗ ನಾನೂ ಹೀಗೇ ಮಾಡುತ್ತೇನೆ. ಇದರಲ್ಲಿ ಇನ್ನೊಂದೂ ಕಾಣುತ್ತದೆ. V 5ಕ್ಕಿಂತ ಜಾಸ್ತಿ ಇರುವವರೆಗೂ ನಡುವಿನ ಬ್ಯಾಟರಿ ಚಾರ್ಜ್ ಆಗುತ್ತದೆ. ಬಲಗಡೆಯ 6 ಓಮ್ ಅನ್ನು ಕಡಿಮೆ ಮಾಡುತ್ತಾ ಬಂದರೆ V ಇಳಿಯುತ್ತದೆ. ಅದು 6/7 ಓಮ್, ಅಂದರೆ ಸುಮಾರು 0.86 ಓಮ್ ಆದಾಗ V ಸರಿಯಾಗಿ 5 ಆಗಿ ನಡುವೆ ಕರೆಂಟೇ ಇರುವುದಿಲ್ಲ. ಅದಕ್ಕೂ ಕಡಿಮೆ ಮಾಡಿದರೆ ಆ ಬ್ಯಾಟರಿ ಕೊಡಲು ಶುರು ಮಾಡುತ್ತದೆ. ಬ್ಯಾಟರಿಯನ್ನು ಮುಟ್ಟಲೇ ಇಲ್ಲ, ಪಕ್ಕದ ಕವಲಿನ ರೆಸಿಸ್ಟರ್ ಬದಲಿಸಿದೆವು ಅಷ್ಟೇ.

ಇವೆಲ್ಲ ಎಲ್ಲಿ ಕೈಕೊಡುತ್ತವೆ? 2 ಓಮ್ ಮತ್ತು 3 ಓಮ್ ಎರಡನ್ನೂ ತೆಗೆದು ಆ ಜಾಗದಲ್ಲಿ ಬರೀ ತಂತಿ ಹಾಕಿ. ಎಡ ಲೂಪ್ 12 − 5 = 0 ಅನ್ನುತ್ತದೆ. ಹಾಳೆಯ ಮೇಲಿನ ಬ್ಯಾಟರಿಗೆ ಒಳರೋಧ ಇಲ್ಲ ಅಂತ ನಾವು ಎಣಿಸಿದ್ದೇ ಇದಕ್ಕೆ ಕಾರಣ. ನಿಜವಾದ ಬ್ಯಾಟರಿಯ ಒಳಗೆ ಒಂದು ಸಣ್ಣ ರೆಸಿಸ್ಟರ್ ಇದ್ದಂತೆ ಇರುತ್ತದೆ, ಅದನ್ನು ಕವಲಿಗೆ ಸೇರಿಸಿದರೆ ಸಮೀಕರಣ ಮತ್ತೆ ಸರಿಹೋಗುತ್ತದೆ, ಆದರೆ ಕರೆಂಟ್ ಭಾರಿ ಬರುತ್ತದೆ. ಇನ್ನೊಂದು ಮಿತಿ: ಲೂಪಿನ ಒಳಗೆ ಹಾದುಹೋಗುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುತ್ತಿ ಬಂದಾಗ ಮೊತ್ತ ಸೊನ್ನೆ ಆಗುವುದಿಲ್ಲ, ಅಲ್ಲಿ ಫ್ಯಾರಡೆಯ ನಿಯಮ ಬರುತ್ತದೆ. ಬರೀ ಬ್ಯಾಟರಿ, ರೆಸಿಸ್ಟರ್ ಇರುವ, ಸ್ಥಿರವಾಗಿ ಹರಿಯುವ ಸರ್ಕ್ಯೂಟಿನಲ್ಲಿ ಆ ಚಿಂತೆ ಇಲ್ಲ.

ಮನೆಗೆ ಒಂದು ಲೆಕ್ಕ. ಇದೇ ಚಿತ್ರದಲ್ಲಿ 2 ವೋಲ್ಟ್ ಬ್ಯಾಟರಿಯನ್ನು ಮಾತ್ರ ತಲೆಕೆಳಗು ಮಾಡಿ, ಪ್ಲಸ್ ಕೆಳಗೆ. ಬಾಣಗಳು ಹಾಗೇ ಇರಲಿ. I1 = 7/3, I2 = −7/9, I3 = 14/9 ಬರಬೇಕು, ಮೂರು ದಾರಿಯಲ್ಲೂ 22/3 ವೋಲ್ಟ್. ನಿಮಗೆ ಬೇರೆ ಏನಾದರೂ ಬಂದರೆ ಮೊದಲಿಂದ ಶುರು ಮಾಡಬೇಡಿ. ಮೂರು ವೋಲ್ಟೇಜ್ ಬರೆದು ವ್ಯತ್ಯಾಸದ ಅರ್ಧ ತೆಗೆಯಿರಿ. ಅದು 2 ಆಗಿದ್ದರೆ ತಿರುಗಿಸಿದ ಬ್ಯಾಟರಿಯನ್ನು ಸಮೀಕರಣದಲ್ಲಿ ತಿರುಗಿಸಿಲ್ಲ.